ಮೂರು ತಿಂಗಳು ಉಚಿತ ಎಂದ ಆಫೀಸಿನ ನಿಜವಾದ ಬಾಡಿಗೆ

"ಕಲಬುರಗಿಯಲ್ಲಿ ಆಫೀಸ್ ನೋಡ್ತಿದ್ದೀನಿ. ಓನರ್ ಮೂರು ತಿಂಗಳು ಬಾಡಿಗೆ ಬೇಡ, ಒಳಗಿನ ಕೆಲಸಕ್ಕೂ ದುಡ್ಡು ಕೊಡ್ತೀನಿ ಅಂತಾರೆ. ಹಂಗಾದ್ರೆ ತಿಂಗಳಿಗೆ ನಿಜವಾಗಿ ಎಷ್ಟು ಬೀಳುತ್ತೆ?"

ಸೇಡಂ ರಸ್ತೆ ಕಡೆ ನಾನು ಜಾಗ ಹಿಡಿದಾಗ ಇದೇ ಮಾತು ಕೇಳಿದ್ದೆ. "ಮೂರು ತಿಂಗಳು ಬಾಡಿಗಿ ಬ್ಯಾಡ್ರಿ ಸರ, ಪಾರ್ಟಿಷನ್, ವೈರಿಂಗ್ ಖರ್ಚಿಗೆ ಒಂದೂವರಿ ಲಕ್ಷ ಕೊಡ್ತೀನಿ." ಬಾಡಿಗೆ 40,000, ಕರಾರು ಮೂರು ವರ್ಷ. ಅದೇ ರಸ್ತೆಯಲ್ಲಿ ಅಷ್ಟೇ ದೊಡ್ಡ ಇನ್ನೊಂದು ಜಾಗಕ್ಕೆ 35,000. ಅಲ್ಲಿ ಉಚಿತ ಏನೂ ಇಲ್ಲ.

ದಾಲ್ ಮಿಲ್ಲುಗಳ ಲೆಕ್ಕ ಬರೆಯುವವನು ನಾನು, ಕೂಡಿಸಿ ಭಾಗಿಸುವುದು ಕಷ್ಟವೇ? 36ರಲ್ಲಿ ಮೂರು ಹೋದರೆ 33 ತಿಂಗಳು, ಬಾಡಿಗೆ 13,20,000. ಅದರಲ್ಲಿ ಒಂದೂವರೆ ಲಕ್ಷ ಕಳೆದರೆ 11,70,000. 36ರಿಂದ ಭಾಗಿಸಿದರೆ ತಿಂಗಳಿಗೆ 32,500. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ, ನೆಟ್ ಎಫೆಕ್ಟಿವ್ ರೆಂಟ್ ಅಂದರೆ ಇದೇ. (ಆ ಕೆಲಸವನ್ನು ನಿಮ್ಮ ಖರ್ಚಿನಲ್ಲಾದರೂ ಮಾಡಿಸಿಯೇ ಮಾಡಿಸುತ್ತಿದ್ದಿರಿ ಅಂದರೆ ಮಾತ್ರ ಒಂದೂವರೆ ಲಕ್ಷವನ್ನು ಪೂರ್ತಿ ಕಳೆಯಿರಿ.) 35,000ಕ್ಕಿಂತ ಕಮ್ಮಿ ಅಂತ ಸಹಿ ಹಾಕಿದೆ.

ಭಾಗಿಸಿದ್ದು ತಪ್ಪಲ್ಲ, 36ರಿಂದ ಭಾಗಿಸಿದ್ದು ತಪ್ಪು. ಮೂರು ವರ್ಷಕ್ಕೆ ಖಾಲಿ ಮಾಡುವ ವಿಚಾರ ನನಗೆ ಇರಲೇ ಇಲ್ಲ. ಗೋಡೆಗೆ ಹೊಡೆದ ಪಾರ್ಟಿಷನ್ ಕಿತ್ತುಕೊಂಡು, ವಿಳಾಸ ಬದಲಿಸಿ, ಮಿಲ್ಲಿನವರಿಗೆಲ್ಲ ಹೇಳಿಕೊಂಡು ಯಾರು ಹೋಗುತ್ತಾರೆ? ಅದು ಓನರ್‌ಗೂ ಗೊತ್ತಿತ್ತು. ಕರಾರಿನಲ್ಲಿ "ಕರಾರು ನವೀಕರಣಕ್ಕೆ ಶೇ. 15 ಏರಿಕೆ" ಎಂದಿತ್ತು. ಏರಿಕೆ 32,500ರ ಮೇಲೆ ಅಲ್ಲ, ಕಾಗದದಲ್ಲಿರುವ 40,000ದ ಮೇಲೆ. 37ನೇ ತಿಂಗಳಿಂದ 46,000. ಉಚಿತ ತಿಂಗಳು, ಕೆಲಸದ ದುಡ್ಡು ಎರಡೂ ಮೊದಲ ಅವಧಿಗೇ ಮುಗಿದಿದ್ದವು. ಲೆಕ್ಕದಲ್ಲಿ ಶೇ. 15, ನನ್ನ ಜೇಬಿಗೆ ಶೇ. 41.5.

ಆರು ವರ್ಷಕ್ಕೆ ನೋಡಿ. ನನ್ನ ಜಾಗಕ್ಕೆ 11,70,000 ಜೊತೆಗೆ 16,56,000, ಒಟ್ಟು 28,26,000. ಆ 35,000ದ ಜಾಗಕ್ಕೂ ಶೇ. 15 ಏರಿದ್ದರೆ 12,60,000 ಜೊತೆಗೆ 14,49,000, ಅಂದರೆ 27,09,000. ಮೊದಲ ಮೂರು ವರ್ಷ 90,000 ಉಳಿಸಿದೆ ಅಂದುಕೊಂಡವನು ಕೊನೆಗೆ 1,17,000 ಹೆಚ್ಚು ಕೊಟ್ಟೆ. ಜಿಎಸ್‌ಟಿ, ಮೇಂಟೆನೆನ್ಸ್ ಬೇರೆ.

ಹಾಗಾಗಿ "ತಿಂಗಳಿಗೆ ಎಷ್ಟು ಬೀಳುತ್ತೆ" ಅನ್ನುವ ಪ್ರಶ್ನೆಯನ್ನೇ ಬಿಡಿ, 37ನೇ ತಿಂಗಳ ಬಾಡಿಗೆ ಕೇಳಿ. ಎಷ್ಟು ವರ್ಷ ಕೂರುತ್ತೀರೋ ಅಷ್ಟೂ ವರ್ಷದ ಒಟ್ಟು ಖರ್ಚನ್ನು ಅಷ್ಟೂ ತಿಂಗಳಿಂದ ಭಾಗಿಸಿ. ಓನರ್ ಹತ್ತಿರ ನಾನಾದರೆ ಈಗ ಹೀಗೆ ಕೇಳುತ್ತೇನೆ: "ಉಚಿತ ತಿಂಗಳೂ ಬ್ಯಾಡ, ಕೆಲಸದ ರೊಕ್ಕಾನೂ ಬ್ಯಾಡ್ರಿ, ಕಾಗದದಾಗ 33,000 ಬರೀರಿ." ಮೂರು ವರ್ಷಕ್ಕೆ ಅವರಿಗೆ 18,000 ಹೆಚ್ಚೇ ಸಿಗುತ್ತದೆ, ಆದರೂ ಸುಲಭಕ್ಕೆ ಒಪ್ಪುವುದಿಲ್ಲ. ಯಾಕೆಂದರೆ ನವೀಕರಣದಲ್ಲಿ ಅದು 46,000 ಆಗುವುದಿಲ್ಲ, 37,950ಕ್ಕೆ ನಿಲ್ಲುತ್ತದೆ.