ಅಣ್ಣನಿಗೆ ‘ಆಗಲ್ಲ’ ಅನ್ನೋದು ಹೇಗೆ?

*ಅಕ್ಕಾ, ನಾನು ಡೊಂಬಿವಲಿಯವಳು, ಮನೆಯಿಂದಲೇ ಕನ್ನಡ ಸಬ್‌ಟೈಟಲ್ ಬರೆಯುತ್ತೇನೆ. ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಕೋಆರ್ಡಿನೇಟರ್ ಆಗಿರುವ ಉಡುಪಿ ಕಡೆಯ ಅಣ್ಣ ಒಬ್ಬರು ಇವತ್ತು, ಶುಕ್ರವಾರ 5ನೇ ತಾರೀಕು, ಫೋನ್ ಮಾಡಿ ಒಂದು ವೆಬ್ ಸೀರೀಸ್ ಕೊಡ್ತೀನಿ ಅಂದರು. 8 ಎಪಿಸೋಡ್, 14ಕ್ಕೆ ಡೆಲಿವರಿ. ಒಂದು ಎಪಿಸೋಡ್‌ಗೆ ನನಗೆ ಒಂದೂವರೆ ದಿನ ಬೇಕು. ಜೊತೆಗೆ 9ರವರೆಗೆ ಜಾಹೀರಾತಿನ ಕೆಲಸ ಒಪ್ಪಿಕೊಂಡಿದ್ದೀನಿ. ಆದರೆ ನನಗೆ ಮೊದಲ ಕೆಲಸ ಕೊಟ್ಟವರೇ ಅವರು, ಇಲ್ಲ ಅನ್ನೋಕೆ ಬಾಯಿ ಬರಲ್ಲ. ಜ್ವರ ಅಂತ ಹೇಳಿಬಿಡ್ಲಾ? ಅಥವಾ ರೇಟ್ ಡಬಲ್ ಹೇಳಿದ್ರೆ ಅವರೇ ಬಿಡ್ತಾರಾ? ಮುಂದೆ ಅವರ ಕೆಲಸ ತಪ್ಪಬಾರದು. ನಾಳೆ ಉತ್ತರ ಕೊಡ್ಬೇಕು.*

ತಂಗೀ, ನಾಳೆವರೆಗೂ ಕಾಯಬೇಡಿ. ಇದನ್ನು ನಿಮಗೆ ರಾತ್ರಿಯೇ ಮೇಲ್‌ನಲ್ಲಿ ಬರೆದಿದ್ದೆ. ಉಳಿದವರಿಗೂ ಉಪಯೋಗವಾಗಲಿ ಅಂತ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನೂ ಕೆಲವು ವರ್ಷ ಕೆಲಸ ಹಂಚುವ ಕುರ್ಚಿಯಲ್ಲಿ ಕೂತವಳು. ಆ ಕುರ್ಚಿಯಲ್ಲಿ ಕೂತಾಗ ಹೊಟ್ಟೆಯಲ್ಲಿ ಇರೋದು ಒಂದೇ ಸಂಕಟ, ತಾರೀಕು. ನಿಮ್ಮ ಅಣ್ಣ 14ಕ್ಕೆ ಕೊಡ್ತೀವಿ ಅಂತ ಯಾರಿಗೋ ಮಾತು ಕೊಟ್ಟಾಗಿದೆ. ನೀವು ಬರೆದ ಫೈಲನ್ನು ಇನ್ನೊಬ್ಬರು ಕೂತು ಪರಿಶೀಲಿಸಬೇಕು, ತಪ್ಪಿದ್ದರೆ ವಾಪಸ್ ಬರುತ್ತದೆ, ಅದಕ್ಕೂ ಅವರು ದಿನ ಉಳಿಸಿಕೊಳ್ಳಬೇಕು. ಹಾಗಾಗಿ ಶುಕ್ರವಾರ ರಾತ್ರಿ ನೀವು ‘ಆಗಲ್ಲ’ ಅಂದರೆ ಅವರ ಕೈಗೆ ಇಡೀ ಶನಿವಾರ, ಭಾನುವಾರ ಸಿಗುತ್ತದೆ, ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಸೋಮವಾರ ಅಂದರೆ ಅದೇ ಮಾತು ಅವರ ಪಾಲಿಗೆ ಕೈಕೊಟ್ಟ ಹಾಗೆ. ಬೇಗ ‘ಆಗಲ್ಲ’ ಅಂದವರನ್ನು ನಾನು ಮತ್ತೆ ಮತ್ತೆ ಕರೆದಿದ್ದೇನೆ. ‘ನೋಡ್ತೀನಿ ಅಕ್ಕ’ ಅಂತ ಮೂರು ದಿನ ಎಳೆದವರ ನಂಬರ್ ಇಟ್ಟುಕೊಂಡೂ ಕರೆದಿಲ್ಲ.

ಫೋನ್ ಎತ್ತೋ ಮೊದಲು ನಿಮ್ಮ ಲೆಕ್ಕ ಒಂದು ಕಾಗದದ ಮೇಲೆ ಬರೆದುಕೊಳ್ಳಿ. 8 ಎಪಿಸೋಡ್, ಒಂದಕ್ಕೆ ಒಂದೂವರೆ ದಿನ, ಒಟ್ಟು 12 ದಿನ. ಜಾಹೀರಾತು ಮುಗಿದ ಮೇಲೆ, ಅಂದರೆ 10ರಿಂದ 14ರವರೆಗೆ, ನಿಮ್ಮ ಹತ್ತಿರ ಇರೋದು 5 ದಿನ. ಅದರಲ್ಲಿ ಆಗೋದು 3 ಎಪಿಸೋಡ್. ಇದನ್ನು ಯಾಕೆ ಬರೆದುಕೊಳ್ಳಿ ಅಂತೀನಿ ಅಂದರೆ, ಅಣ್ಣ ಅಷ್ಟಕ್ಕೇ ಬಿಡೋದಿಲ್ಲ. ‘ಎರಡು ದಿನ ಮುಂದೆ ಹಾಕಿಸ್ತೀನಿ ಮಾರಾಯ್ತಿ’ ಅಂತಾರೆ. ಆಗ ಗಡಿಬಿಡಿಯಲ್ಲಿ ‘ಹಾಗಾದ್ರೆ ಸರಿ’ ಅಂದುಬಿಡೋ ಅಪಾಯ ಜಾಸ್ತಿ. ಕಾಗದ ನೋಡಿ: 16ರವರೆಗೆ ಅಂದರೂ 7 ದಿನ, 4 ಎಪಿಸೋಡ್. ಅರ್ಧ ಕೆಲಸ ಹಾಗೇ ಉಳಿಯುತ್ತದೆ. 21ರವರೆಗೆ ಕೊಟ್ಟರೆ ಮಾತ್ರ ಪೂರ್ತಿ ಆಗುತ್ತದೆ, ಅದೂ ಒಂದು ದಿನವೂ ತಲೆನೋವು ಬರದೆ, ಒಂದು ದಿನವೂ ಕರೆಂಟ್ ಹೋಗದೆ ಇದ್ದರೆ. ಆದ್ದರಿಂದ ನಿಮ್ಮ ನಿಜವಾದ ತಾರೀಕು 23. ಅದನ್ನು ಅವರು ಕೊಡ್ತಾರೆ ಅಂದರೆ ಆ ಕೆಲಸವೇ ಬೇರೆ, ಖುಷಿಯಿಂದ ಒಪ್ಪಿಕೊಳ್ಳಿ. ಇಲ್ಲ ಅಂದರೆ ನಿಮ್ಮ ಉತ್ತರ ಅಲ್ಲೇ ಇದೆ.

ಜ್ವರದ ವಿಷಯಕ್ಕೆ ಬರ್ತೀನಿ. ಸುಳ್ಳು ಹೇಳೋದು ಪಾಪ ಅಂತ ಪಾಠ ಮಾಡೋಕೆ ನಾನು ಕೂತಿಲ್ಲ, ಆ ಸುಳ್ಳು ಕೆಲಸ ಮಾಡಲ್ಲ ಅಷ್ಟೇ. ಜ್ವರ ಎರಡು ದಿನದಲ್ಲಿ ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ‘ಅಯ್ಯೋ, ರೆಸ್ಟ್ ತಗೊಳ್ಳಿ, ಸೋಮವಾರದಿಂದ ಶುರು ಮಾಡಿ’ ಅಂತ ಅಣ್ಣ ಅಂದರೆ ಮುಂದೇನು ಮಾಡ್ತೀರಿ? ಸೋಮವಾರ ಇನ್ನೊಂದು ಸುಳ್ಳು ಬೇಕು. ಅದೂ ಅಲ್ಲದೆ ಮುಂಬೈಯಲ್ಲಿ ಕನ್ನಡ ಬರೆದು ಬದುಕುವವರು ಎಷ್ಟು ಜನ ಹೇಳಿ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್‌ನ ಒಂದು ಕಾರ್ಯಕ್ರಮಕ್ಕೆ ಹೋದರೆ ಅರ್ಧಕ್ಕರ್ಧ ಜನ ಅಲ್ಲೇ ಸಿಗುತ್ತಾರೆ. ನಿಮ್ಮ ಜಾಹೀರಾತಿಗೆ ದನಿ ಕೊಟ್ಟವರು ‘ಕಳೆದ ವಾರ ಇವರದ್ದೇ ಸ್ಕ್ರಿಪ್ಟ್ ಓದಿದೆ’ ಅಂತ ಅಣ್ಣನ ಎದುರಿಗೆ ಹೇಳೋಕೆ ಎಷ್ಟು ಹೊತ್ತು ಬೇಕು.

ರೇಟ್ ಡಬಲ್ ಮಾಡೋ ಉಪಾಯ ಇನ್ನೂ ಕೆಟ್ಟದು. ಸಬ್‌ಟೈಟಲ್‌ಗೆ ದುಡ್ಡು ಬರೋದು ಸಾಮಾನ್ಯವಾಗಿ ಎಪಿಸೋಡ್‌ನ ನಿಮಿಷದ ಲೆಕ್ಕದಲ್ಲಿ. ಆ ದರ ಮೇಲಿನಿಂದಲೇ ಗೊತ್ತಾಗಿ ಬಂದಿರುತ್ತದೆ, ಅಣ್ಣನ ಕೈಯಲ್ಲಿ ಹೆಚ್ಚು ಸಡಿಲ ಇರೋದಿಲ್ಲ. ನೀವು ಡಬಲ್ ಅಂದರೆ ಅವರಿಗೆ ‘ಇವಳಿಗೆ ಪುರುಸೊತ್ತಿಲ್ಲ’ ಅಂತ ಕೇಳಿಸೋದಿಲ್ಲ, ‘ಇವಳು ಕಾಸ್ಟ್ಲಿ ಆದಳು’ ಅಂತ ಕೇಳಿಸುತ್ತದೆ. ಆ ಅಂಕಿ ತಲೆಯಲ್ಲಿ ಕೂತುಬಿಡುತ್ತದೆ. ಮುಂದಿನ ಸಲ 2 ಎಪಿಸೋಡ್‌ನ ಚಿಕ್ಕ ಕೆಲಸ ಬಂದಾಗ ನಿಮ್ಮ ಹೆಸರು ನೆನಪಾದರೂ ಫೋನ್ ಬರೋದಿಲ್ಲ, ಯಾಕೆ ಬರಲಿಲ್ಲ ಅಂತ ನಿಮಗೆ ತಿಳಿಯೋದೂ ಇಲ್ಲ. ಇನ್ನು ಅಪ್ಪಿತಪ್ಪಿ ಅವರು ಒಪ್ಪಿಬಿಟ್ಟರೆ? ದುಡ್ಡು ಡಬಲ್ ಆಯ್ತು, ದಿನ ಅಷ್ಟೇ ಇದೆ.

ಈಗ ಋಣದ ಮಾತು. ನಿಮ್ಮ ಕಷ್ಟ ಇರೋದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. 12 ದಿನದ ಕೆಲಸವನ್ನು 5 ದಿನಕ್ಕೆ ತುರುಕಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಎರಡನೇ ಎಪಿಸೋಡ್‌ನಲ್ಲಿ ಸೊಸೆ ಅತ್ತೆಗೆ ‘ನೀವು’ ಅಂತಾಳೆ, ಆರನೆಯದರಲ್ಲಿ ‘ನೀನು’ ಅಂತಾಳೆ. ಇಂಗ್ಲಿಷ್‌ನಲ್ಲಿ ಎರಡೂ ಒಂದೇ ಆದ್ದರಿಂದ ಮೂಲ ನೋಡಿದರೂ ತಪ್ಪು ಕಣ್ಣಿಗೆ ಬೀಳೋದಿಲ್ಲ. ಸಾಲು ಉದ್ದವಾಗಿ, ಓದಿ ಮುಗಿಸೋ ಮೊದಲೇ ಪರದೆಯಿಂದ ಮಾಯವಾಗುತ್ತದೆ. ಫೈಲ್ ವಾಪಸ್ ಬರುತ್ತದೆ. ಆಗ ಬೈಸಿಕೊಳ್ಳೋದು ನೀವಲ್ಲ, ಅಣ್ಣ. ‘ಒಳ್ಳೆ ಹುಡುಗಿ, ನಾನು ಗ್ಯಾರಂಟಿ’ ಅಂತ ನಿಮ್ಮ ಹೆಸರು ಹೇಳಿದವರು ಅವರು ತಾನೇ.

ಮೊದಲು ಫೋನ್ ಮಾಡಿ, ಆಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಹಾಕಿ. ಫೋನ್ ಯಾಕೆ ಅಂದರೆ ಅಷ್ಟು ಹಳೆಯ ಪರಿಚಯಕ್ಕೆ ಬರೀ ಮೆಸೇಜ್ ಒಣಒಣ ಅನ್ನಿಸುತ್ತದೆ. ಮೆಸೇಜ್ ಯಾಕೆ ಅಂದರೆ ಅವರು ಅದನ್ನು ತಮ್ಮ ಮೇಲಿನವರಿಗೆ ತೋರಿಸಬೇಕಾಗಬಹುದು, ಮತ್ತೆ ‘ನೀನು ನೋಡ್ತೀನಿ ಅಂದಿದ್ದೆ’ ಅನ್ನೋ ಗೊಂದಲ ಉಳಿಯೋದಿಲ್ಲ. ನಾನಾದರೆ ಹೀಗೆ ಬರೀತಿದ್ದೆ:

*‘ಅಣ್ಣ, ಈ ಸೀರೀಸ್ ನನ್ನಿಂದ ಆಗಲ್ಲ. 9ರವರೆಗೆ ಬೇರೆ ಕೆಲಸ ಒಪ್ಪಿಕೊಂಡಿದ್ದೀನಿ. ಆಮೇಲೆ ಉಳಿಯೋ 5 ದಿನದಲ್ಲಿ 8 ಎಪಿಸೋಡ್ ಸರಿಯಾಗಿ ಮಾಡೋಕಾಗಲ್ಲ. ತಾರೀಕು 23 ಆಗೋದಾದ್ರೆ ಮಾತ್ರ ಹೇಳಿ, ಪೂರ್ತಿ ಮಾಡ್ತೀನಿ. ನೀವು ಮೊದಲು ನನ್ನನ್ನೇ ಕೇಳಿದ್ದಕ್ಕೆ ಖುಷಿಯಾಯ್ತು. 10ರಿಂದ ಕೈ ಖಾಲಿ ಇರುತ್ತೆ, ಒಂದೆರಡು ಎಪಿಸೋಡ್‌ನ ಬೇರೆ ಕೆಲಸ ಇದ್ರೆ ಕೊಡಿ.’*

ಮೊದಲ ಸಾಲಿನಲ್ಲೇ ‘ಆಗಲ್ಲ’ ಇದೆ, ಗಮನಿಸಿ. ‘ಕಷ್ಟ ಆಗಬಹುದು ಅನ್ಸುತ್ತೆ’ ಅಂತ ಶುರು ಮಾಡಿದರೆ ಅವರು ಅದನ್ನು ‘ಸ್ವಲ್ಪ ಒತ್ತಾಯ ಮಾಡಿದ್ರೆ ಒಪ್ತಾಳೆ’ ಅಂತ ಓದಿಕೊಳ್ಳುತ್ತಾರೆ. ಕಾರಣವೂ ಒಂದೇ ಇರಲಿ. ಅದರ ಜೊತೆಗೆ ಮಗಳ ಪರೀಕ್ಷೆ, ಅತ್ತೆಯ ಮಂಡಿನೋವು, ಇಂಟರ್ನೆಟ್ ಸರಿ ಇಲ್ಲ ಅಂತ ಸೇರಿಸುತ್ತಾ ಹೋದರೆ ಮೊದಲ ಕಾರಣದ ಮೇಲೂ ಅನುಮಾನ ಬರುತ್ತದೆ.

‘ಸರಿ, 3 ಎಪಿಸೋಡ್ ಆದ್ರೂ ಮಾಡಿಕೊಡು’ ಅಂತ ಅವರೇ ಕೇಳಬಹುದು. ಲೆಕ್ಕಕ್ಕೆ ಅದು ಕೂಡಿಬರುತ್ತದೆ, ಆದರೂ ನಾನು ಬೇಡ ಅಂತೀನಿ. ಉಳಿದ 5 ಎಪಿಸೋಡ್ ಬರೆಯುವವರು ಯಾರೋ ಗೊತ್ತಿಲ್ಲ. ಪಾತ್ರಗಳ ಹೆಸರಿನ ಕಾಗುಣಿತ, ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು ಅನ್ನೋ ಪಟ್ಟಿಯನ್ನು ಇಬ್ಬರೂ ಕೂತು ಮೊದಲೇ ಮಾಡಿಕೊಳ್ಳಬೇಕು, ಅದಕ್ಕೇ ಒಂದು ದಿನ ಹೋಗುತ್ತದೆ. 12ನೇ ತಾರೀಕು ಆ ಇನ್ನೊಬ್ಬರು ತಡ ಮಾಡಿದರೆ ಅಣ್ಣ ಫೋನ್ ಮಾಡೋದು ನಿಮಗೇ, ‘ಹೇಗೂ ನೀನು ಇದರೊಳಗೆ ಇದ್ದೀಯಲ್ಲ’ ಅಂತ. ಏನಾದರೂ ಸಹಾಯ ಮಾಡಲೇಬೇಕು ಅನ್ನಿಸಿದರೆ ಇಷ್ಟೇ ಅಂತ ಮಿತಿ ಇರೋ ಕೆಲಸ ಒಪ್ಪಿಕೊಳ್ಳಿ: 13ರಂದು ಮಧ್ಯಾಹ್ನದವರೆಗೆ ಕೂತು ಮೊದಲ ಎರಡು ಎಪಿಸೋಡ್‌ನ ಕನ್ನಡ ಓದಿ ತಪ್ಪು ಗುರುತು ಮಾಡಿಕೊಡ್ತೀನಿ, ಅಷ್ಟೇ.

ಬೇರೆಯವರ ಹೆಸರು ಹೇಳೋದು ಒಳ್ಳೆಯದೇ. ಆದರೆ ಮೊದಲು ಆ ಗೆಳತಿಗೆ ಫೋನ್ ಮಾಡಿ ‘14ಕ್ಕೆ 8 ಎಪಿಸೋಡ್, ಬಿಡುವಿದೆಯಾ, ನಂಬರ್ ಕೊಡ್ಲಾ’ ಅಂತ ಕೇಳಿ. ಬಿಡುವಿಲ್ಲದವರ ನಂಬರ್ ಕೊಟ್ಟರೆ ಅಣ್ಣನಿಗೆ ಎರಡನೇ ‘ಆಗಲ್ಲ’ ಕೂಡ ನಿಮ್ಮಿಂದಲೇ ಬಂದ ಹಾಗಾಗುತ್ತದೆ. ಸೀರೀಸ್ ಹೆಸರು ಅವಳಿಗೂ ಹೇಳಬೇಡಿ, ನೋಡೋಕೆ ಅಂತ ಅಣ್ಣ ವಿಡಿಯೋ ಲಿಂಕ್ ಕಳಿಸಿದ್ದರೆ ಅದನ್ನು ದಾಟಿಸಲೇಬೇಡಿ. ಬಿಡುಗಡೆಯಾಗದ ಸೀರೀಸ್‌ನ ತುಣುಕು ಹೊರಗೆ ಹೋದರೆ ಅದು ಯಾರಿಗೆ ಕಳಿಸಿದ ಕಾಪಿ ಅಂತ ವಾಟರ್‌ಮಾರ್ಕ್ ಹೇಳಿಬಿಡಬಹುದು. ದುಡ್ಡಿನ ಮಾತು ಅವರಿಬ್ಬರದ್ದು, ನಡುವೆ ಬಾಯಿ ಹಾಕಬೇಡಿ. ಅವಳ ಬಗ್ಗೆ ನಿಮಗೆ ಗೊತ್ತಿರೋದಷ್ಟೇ ಹೇಳಿ: ‘ಜಾಹೀರಾತು ಚೆನ್ನಾಗಿ ಬರೀತಾಳೆ, ಸೀರೀಸ್ ಮಾಡಿದ್ದು ನಾನು ನೋಡಿಲ್ಲ.’ ಚೆನ್ನಾಗಿ ಮಾಡಿ ಅವಳೇ ಅಣ್ಣನ ಖಾಯಂ ಆಗಿಬಿಟ್ಟರೆ ಅನ್ನೋ ಹೆದರಿಕೆ ನಿಮಗೆ ಇರಬಹುದು. ಆಗಬಹುದು ಕೂಡ. ಆದರೆ ಸೀರೀಸ್ ಮೇಲೆ ಸೀರೀಸ್ ಬರೋ ಸ್ಟುಡಿಯೋಗೆ ಒಬ್ಬರೇ ಸಾಲೋದಿಲ್ಲ, ಮತ್ತೆ ತನ್ನನ್ನು ಪಾರು ಮಾಡಿದ್ದು ಯಾರು ಅಂತ ಕೋಆರ್ಡಿನೇಟರ್‌ಗೆ ನೆನಪಿರುತ್ತದೆ.

‘ಮುಂದಿನ ಸಲ ಖಂಡಿತ’ ಅಂತ ಮಾತ್ರ ಬರೆಯಬೇಡಿ. ಮುಂದಿನ ಕೆಲಸ ಏನು, ಎಷ್ಟು ದಿನದ್ದು ಅಂತ ನಿಮಗೆ ಗೊತ್ತಿಲ್ಲ. ತಾರೀಕು ಕೊಟ್ಟಿದ್ದೀರಲ್ಲ, 10, ಅದನ್ನು ಉಳಿಸಿಕೊಳ್ಳಿ. ಅವತ್ತು ಬೆಳಗ್ಗೆ ಒಂದೇ ಸಾಲು: ‘ಅಣ್ಣ, ಜಾಹೀರಾತು ಮುಗೀತು, ಇವತ್ತಿಂದ ಖಾಲಿ ಇದ್ದೀನಿ.’ ಸೀರೀಸ್ ಏನಾಯ್ತು, ಯಾರು ಮಾಡ್ತಿದ್ದಾರೆ ಅಂತ ಕೆದಕಬೇಡಿ. ಮುಂದೆ ಅದು ಬಿಡುಗಡೆಯಾಗಿ ಕನ್ನಡದಲ್ಲಿ ತಪ್ಪು ಕಂಡರೂ ಸ್ಕ್ರೀನ್‌ಶಾಟ್ ಕಳಿಸಬೇಡಿ. ಅವರಿಂದ ಸಣ್ಣ ಕೆಲಸ ಬಂದರೆ, ಎರಡು ನಿಮಿಷದ ಟ್ರೇಲರ್ ಆದರೂ ಸರಿ, ತಿರಸ್ಕಾರ ಮಾಡದೆ ಮಾಡಿಕೊಡಿ. ಸಾಲಾಗಿ ಎರಡು ಸಲ ‘ಆಗಲ್ಲ’ ಬಂದರೆ ಮೂರನೇ ಸಲ ಕೇಳೋ ಕೋಆರ್ಡಿನೇಟರ್‌ಗಳು ಕಡಿಮೆ, ಎಷ್ಟೇ ಚೆಂದ ಹೇಳಿದ್ದರೂ.

ಇವತ್ತು ನಿಮ್ಮ ಮೆಸೇಜ್‌ಗೆ ಅವರು ಬರೀ ‘ಓಕೆ’ ಅಂತ ಉತ್ತರಿಸಬಹುದು. ಕೋಪ ಬಂತಾ ಅಂತ ಇಡೀ ರಾತ್ರಿ ಯೋಚಿಸಿ, ಬೆಳಗ್ಗೆ ಇನ್ನೊಂದು ಸಾರಿ ಮೆಸೇಜ್ ಕಳಿಸೋಕೆ ಹೋಗಬೇಡಿ. ಅವರು ಆಗಲೇ ಬೇರೆ ನಂಬರ್‌ಗೆ ಫೋನ್ ಹಚ್ಚಿರುತ್ತಾರೆ.