ಅಪ್ಪನ ಫೋಟೊದಿಂದ ಅಂಗಡಿಗೊಂದು ಮ್ಯಾಸ್ಕಾಟ್

ಪ್ರಶ್ನೆ: ಚಿಕ್ಕಮಗಳೂರಲ್ಲಿ ನಮ್ಮದು ಸಣ್ಣ ಕಾಫಿಪುಡಿ ಅಂಗಡಿ. ಅಪ್ಪನ ಫೋಟೊ ನೋಡಿ ಮ್ಯಾಸ್ಕಾಟ್ ಬರೆಯಬೇಕು. ಅವರ ನಗುಮುಖ ಉಳಿಯಬೇಕು, ಗೆರೆ ಕಡಿಮೆ ಇರಬೇಕು. ಹೇಗೆ?

ಉತ್ತರ: ಮೊದಲು ಫೋಟೊ ಸರಿಯಾಗಿರಲಿ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪ, ಕಿವಿ ಚಿಕ್ಕದಾಗಿ ಬರುತ್ತದೆ. ಐದಾರು ಅಡಿ ದೂರ ನಿಂತು, ಅವರು ಗಿರಾಕಿ ಹತ್ತಿರ ಮಾತಾಡ್ತಾ ನಗುವಾಗ ತೆಗೆಯಿರಿ.

ಆಮೇಲೆ ಫೋಟೊ ಮುಚ್ಚಿಟ್ಟು ನೆನಪಿನಿಂದ ಬರೆಯಿರಿ. ತಾನಾಗಿ ಕೈಗೆ ಬರುವ ಎರಡು ಮೂರು ಗುರುತು ಸಾಕು. ನಮ್ಮ ಮಾವನ ಅಂಗಡಿಗೆ ನಾನು ಬರೆದಾಗ ಉಳಿದದ್ದು ದಪ್ಪ ಮೀಸೆ, ದುಂಡು ಕನ್ನಡಕ, ಮಂಕಿ ಕ್ಯಾಪ್. (ಚಳಿಗಾಲದಲ್ಲಿ ಕ್ಯಾಪ್ ಇಲ್ಲದೆ ಅವರನ್ನು ಯಾರೂ ನೋಡಿಲ್ಲ!) ಮುಖಕ್ಕೆ ಒಂದು ಮೊಟ್ಟೆಯಾಕಾರ. ಮೀಸೆಗೆ ಅಕ್ಕಪಕ್ಕ ಮಲಗಿಸಿದ ಎರಡು ಕಾಫಿಬೀಜ.

ನಗುವಿನಲ್ಲೇ ನಾನು ಎಡವಿದ್ದು. ಒಂದೊಂದು ಹಲ್ಲು, ಕೆನ್ನೆಯ ಮಡಿಕೆ ಎಲ್ಲಾ ಬರೆದೆ. ಮಾವ ಸಾಲ ವಸೂಲಿಗೆ ಹೊರಟವರ ಹಾಗೆ ಕಂಡರು. ಅವನ್ನೆಲ್ಲ ಅಳಿಸಿ, ಮೀಸೆ ಕೆಳಗೆ ಒಂದೇ ಬಾಗಿದ ಗೆರೆ ಎಳೆದೆ. ಕಣ್ಣು ಕೂಡ ಚುಕ್ಕಿಯಲ್ಲ, ಕಮಾನಿನ ಹಾಗೆ ಮೇಲಕ್ಕೆ ಬಾಗಿದ ಸಣ್ಣ ಗೆರೆ. ನಿಜವಾಗಿ ನಗುವಾಗ ಕೆನ್ನೆ ಮೇಲೇರಿ ಕಣ್ಣು ಸಣ್ಣದಾಗುತ್ತೆ, ಅಲ್ವಾ? ಅದೊಂದು ಬಂದರೆ ನಗು ಬಂದ ಹಾಗೆ.

ಕೊನೆಗೆ ಬರೀ ಕಪ್ಪಲ್ಲಿ, 2 ಸೆಂ.ಮೀ. ಅಗಲಕ್ಕೆ ಪ್ರಿಂಟ್ ತೆಗೆದು ಮಾರುದೂರದಿಂದ ನೋಡಿ. ನನ್ನದರಲ್ಲಿ ಹುಬ್ಬು, ಕನ್ನಡಕ ಅಂಟಿಕೊಂಡು ಒಂದೇ ಮಸಿಯಾಗಿತ್ತು. ಹುಬ್ಬನ್ನು ತೆಗೆದೇಬಿಟ್ಟೆ. ಯಾರೂ ಕೇಳಲಿಲ್ಲ.