ಬ್ಯಾಡ್ ಕ್ಯಾರೆಕ್ಟರ್ ನಿಯಮ ಎಲ್ಲಿ ಜಿಗಿಯುತ್ತದೆ, ಎಲ್ಲಿ ಎಡವುತ್ತದೆ

ಪ್ರಶ್ನೆ: ಬ್ಯಾಡ್ ಕ್ಯಾರೆಕ್ಟರ್ ರೂಲ್ ಬಳಸಿದರೆ ಕೆಲವು ಅಕ್ಷರಗಳನ್ನು ನೋಡದೆಯೇ ಮುಂದೆ ಹಾರಬಹುದು ಅಂತಾರೆ. ಹಾಗೆ ಬಿಟ್ಟ ಜಾಗದಲ್ಲೇ ಪದ ಇದ್ದರೆ ತಪ್ಪಿಹೋಗಲ್ವಾ? ಸಾದಾ ಹುಡುಕಾಟಕ್ಕಿಂತ ಇದು ಯಾವಾಗ ವೇಗ? ಕನ್ನಡ ಪಠ್ಯಕ್ಕೂ ನಡೆಯುತ್ತಾ?

ತಪ್ಪಿಹೋಗುವುದಿಲ್ಲ. ಏಕೆಂದರೆ ಇಲ್ಲಿ ಹುಡುಕುವ ಪದವನ್ನು, ಅಂದರೆ ಪ್ಯಾಟರ್ನನ್ನು, ಪಠ್ಯದ ಮೇಲೆ ಎಡದಿಂದ ಬಲಕ್ಕೆ ಸರಿಸುತ್ತ ಹೋದರೂ, ಹೋಲಿಕೆಯನ್ನು ಮಾತ್ರ ಪ್ಯಾಟರ್ನಿನ ಕೊನೆಯ ಅಕ್ಷರದಿಂದ ಹಿಂದಕ್ಕೆ ಮಾಡುತ್ತೇವೆ. ಕೊನೆಯ ಅಕ್ಷರದ ಕೆಳಗೆ ಪ್ಯಾಟರ್ನಿನಲ್ಲಿ ಎಲ್ಲಿಯೂ ಇಲ್ಲದ ಒಂದು ಅಕ್ಷರ ಪಠ್ಯದಲ್ಲಿ ಸಿಕ್ಕಿತು ಎಂದುಕೊಳ್ಳಿ. ಆ ಅಕ್ಷರವನ್ನು ಒಳಗೊಂಡ ಯಾವ ಜಾಗದಲ್ಲಿಯೂ ಪ್ಯಾಟರ್ನ್ ಕೂರಲಾರದು. ಆದ್ದರಿಂದ ಅದನ್ನು ಪೂರ್ತಿ ದಾಟಿ ಹೋಗಬಹುದು. ನಡುವಿನ ಅಕ್ಷರಗಳನ್ನು ನಾವು ನೋಡಿಲ್ಲ ಎಂಬುದು ನಿಜ, ಆದರೆ ಅವು ಏನೇ ಆಗಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ. ಸಿಕ್ಕ ಅಕ್ಷರ ಪ್ಯಾಟರ್ನಿನಲ್ಲಿ ಬೇರೆಡೆ ಇದ್ದರೆ, ಅದು ಅಲ್ಲಿ ಕಟ್ಟಕಡೆಯದಾಗಿ ಬರುವ ಸ್ಥಾನವನ್ನು ಪಠ್ಯದ ಆ ಅಕ್ಷರದ ಮೇಲೆ ತಂದು ನಿಲ್ಲಿಸುವಷ್ಟು ಮಾತ್ರ ಜರುಗುತ್ತೇವೆ.

ಇದನ್ನು ಒಂದು ಸಾಲಿನ ಮೇಲೆ ನಡೆಸಿ ತೋರಿಸುತ್ತೇನೆ. ಪಠ್ಯ ನಮ್ಮ ದಕ್ಷಿಣ ಬೆಂಗಳೂರಿನ ಮೂರು ಬಡಾವಣೆಗಳ ಹೆಸರು, ಹುಡುಕಬೇಕಾದದ್ದು ಕೊನೆಯದು:

```
ಪಠ್ಯ:    ಜಯನಗರ ಹನುಮಂತನಗರ ಬಸವನಗುಡಿ
ಪ್ಯಾಟರ್ನ್: ಬಸವನಗುಡಿ
```

ಇಲ್ಲಿ ಎಣಿಕೆ ಕಣ್ಣಿಗೆ ಕಾಣುವ ಅಕ್ಷರಗಳದ್ದಲ್ಲ, ಕೋಡ್ ಪಾಯಿಂಟುಗಳದ್ದು. "ಗು" ಎಂಬುದು ಗ ಮತ್ತು ಉಕಾರದ ಚಿಹ್ನೆ ಸೇರಿ ಎರಡು. ಹಾಗೆ ಎಣಿಸಿದರೆ ಪ್ಯಾಟರ್ನಿನ ಉದ್ದ 8. 0ಯಿಂದ ಆರಂಭಿಸಿದರೆ ನ 3ನೆಯ ಸ್ಥಾನದಲ್ಲಿ, ಕೊನೆಯ ಇಕಾರದ ಚಿಹ್ನೆ 7ನೆಯ ಸ್ಥಾನದಲ್ಲಿ ಇದೆ. ಪಠ್ಯದ ಉದ್ದ ಎರಡು ಖಾಲಿ ಜಾಗಗಳೂ ಸೇರಿ 24.

ಪ್ಯಾಟರ್ನ್ ಪಠ್ಯದ 0ಯಲ್ಲಿ ಇರುವಾಗ ಅದರ ಕೊನೆಯ ಅಕ್ಷರದ ಕೆಳಗೆ ಬರುವುದು "ಹನುಮಂತನಗರ"ದ ಮೊದಲ ನ. ನ ಪ್ಯಾಟರ್ನಿನ 3ರಲ್ಲಿ ಇದೆ, ಆದ್ದರಿಂದ 7 − 3 = 4 ಸ್ಥಾನ ಮುಂದಕ್ಕೆ. ಈಗ ಕೊನೆಯ ಅಕ್ಷರದ ಕೆಳಗೆ ತ ಬರುತ್ತದೆ. ಅದು ಪ್ಯಾಟರ್ನಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಇಡೀ 8. ಆಮೇಲೆ "ಬಸವನಗುಡಿ"ಯ ನ ಸಿಗುತ್ತದೆ, ಮತ್ತೆ 4. ಅಲ್ಲಿಗೆ ನಾವು 16ನೆಯ ಸ್ಥಾನಕ್ಕೆ ಬಂದಿರುತ್ತೇವೆ, ಎಂಟೂ ಅಕ್ಷರಗಳು ಹಿಂದಿನಿಂದ ಮುಂದಕ್ಕೆ ಹೊಂದುತ್ತವೆ. ಒಟ್ಟು ಹೋಲಿಕೆಗಳು 3 + 8 = 11. ಸಾದಾ ಹುಡುಕಾಟ ಮೊದಲ 16 ಸ್ಥಾನಗಳಲ್ಲಿ ಪ್ರತಿಯೊಂದರಲ್ಲೂ "ಇದು ಬ ಹೌದೇ" ಎಂದು ಒಂದು ಸಲ ಕೇಳಿ, ನಂತರ 8 ಹೋಲಿಕೆ ಮಾಡುತ್ತದೆ, ಒಟ್ಟು 24.

ರಾಬರ್ಟ್ ಬೋಯರ್ ಮತ್ತು ಜೆ ಮೂರ್ 1977ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಈ ನಿಯಮದ ಜೊತೆಗೆ ಇನ್ನೊಂದು ನಿಯಮವೂ ಇದೆ. ಬ್ಯಾಡ್ ಕ್ಯಾರೆಕ್ಟರ್ ನಿಯಮವೊಂದನ್ನೇ ನೆಚ್ಚಿಕೊಂಡರೆ ಎಲ್ಲಿ ಕೊರತೆ ಎಂಬುದು "ಕಿರುಗುಡಿ" ಎಂಬ ಪದದಲ್ಲಿ ಕಾಣುತ್ತದೆ. ಅದೂ 8 ಕೋಡ್ ಪಾಯಿಂಟುಗಳದ್ದೇ. ಅದರ ಮೇಲೆ "ಬಸವನಗುಡಿ" ಸರಿಯಾಗಿ ಕೂತರೆ "ಗುಡಿ" ಪೂರ್ತಿ ಹೊಂದಿ, 3ನೆಯ ಸ್ಥಾನದಲ್ಲಿ ನ ಇರಬೇಕಾದಲ್ಲಿ ಉಕಾರದ ಚಿಹ್ನೆ ಸಿಗುತ್ತದೆ. ಪ್ಯಾಟರ್ನಿನಲ್ಲಿ ಉಕಾರ ಕಡೆಯದಾಗಿ ಬರುವುದು 5ರಲ್ಲಿ. 3 − 5 = −2, ಅಂದರೆ ನಿಯಮ ಹಿಂದಕ್ಕೆ ಹೋಗು ಎನ್ನುತ್ತಿದೆ! ಆದ್ದರಿಂದಲೇ ಜಿಗಿತವನ್ನು `max(1, j - last[c])` ಎಂದು ಬರೆಯಬೇಕಾಗುತ್ತದೆ. ಇಲ್ಲಿ `j` ತಾಳೆ ತಪ್ಪಿದ ಸ್ಥಾನ, `c` ಅಲ್ಲಿ ಪಠ್ಯದಲ್ಲಿ ಸಿಕ್ಕ ಅಕ್ಷರ, `last[c]` ಅದು ಪ್ಯಾಟರ್ನಿನಲ್ಲಿ ಕಡೆಯದಾಗಿ ಬರುವ ಸ್ಥಾನ. ಆ `max` ಮರೆತರೆ ಪ್ರೋಗ್ರಾಂ ಹಿಂದೆ ಮುಂದೆ ಓಡಾಡುತ್ತ ಎಂದೂ ಮುಗಿಯದೆ ಹೋಗಬಹುದು.

1980ರಲ್ಲಿ ನೈಜೆಲ್ ಹಾರ್ಸ್‌ಪೂಲ್ ಇದನ್ನು ಸರಳಗೊಳಿಸಿದರು. ತಾಳೆ ತಪ್ಪಿದ್ದು ಎಲ್ಲೇ ಆಗಿರಲಿ, ಜಿಗಿತವನ್ನು ಪ್ಯಾಟರ್ನಿನ ಕೊನೆಯ ಸ್ಥಾನದ ಕೆಳಗಿರುವ ಪಠ್ಯದ ಅಕ್ಷರದಿಂದಲೇ ನಿರ್ಧರಿಸುವುದು, ಯಾವ ಅಕ್ಷರಕ್ಕೆ ಎಷ್ಟು ಜಿಗಿತ ಎಂಬ ಕೋಷ್ಟಕ ಕಟ್ಟುವಾಗ ಪ್ಯಾಟರ್ನಿನ ಕೊನೆಯ ಅಕ್ಷರವನ್ನು ಬಿಟ್ಟುಬಿಡುವುದು. ಆಗ ಋಣ ಸಂಖ್ಯೆಯ ಪ್ರಶ್ನೆಯೇ ಏಳುವುದಿಲ್ಲ. "ಕಿರುಗುಡಿ"ಯ ಕೊನೆಯ ಇಕಾರ ಪ್ಯಾಟರ್ನಿನಲ್ಲಿ ಬೇರೆಲ್ಲೂ ಇಲ್ಲದ ಕಾರಣ ಅಲ್ಲಿ ಪೂರ್ತಿ 8 ಜಿಗಿಯಬಹುದು. ನಾನು ಬಳಸುವುದೂ ಇದನ್ನೇ:

```python
def find(text, pat):
    n, m = len(text), len(pat)
    if m == 0:
        return 0
    skip = {c: m - 1 - i for i, c in enumerate(pat[:-1])}
    s = 0
    while s <= n - m:
        if text[s:s+m] == pat:
            return s
        s += skip.get(text[s+m-1], m)
    return -1
```

ಇದನ್ನು ಪೈಥಾನಿನ ಸ್ವಂತ `find` ಜೊತೆ ಗಡಿಯಾರ ಹಿಡಿದು ಹೋಲಿಸಬೇಡಿ. ಅದು ಸಿ ಭಾಷೆಯಲ್ಲಿ ಬರೆದದ್ದು, ಗೆಲ್ಲುವುದು ಅದೇ. ನಿಯಮದ ಗುಣ ತಿಳಿಯಲು ಹೋಲಿಕೆಗಳನ್ನು ಎಣಿಸಿ ಪಠ್ಯದ ಉದ್ದದಿಂದ ಭಾಗಿಸಿ ನೋಡಿ. ಸಾದಾ ಹುಡುಕಾಟದಲ್ಲಿ ಈ ಅನುಪಾತ 1ಕ್ಕಿಂತ ಗಮನಾರ್ಹವಾಗಿ ಕಡಿಮೆಯಾಗಲು ಸಾಧ್ಯವೇ ಇಲ್ಲ. ಇಲ್ಲಿ ಅದೃಷ್ಟ ಒಳ್ಳೆಯದಿದ್ದರೆ 1/m ತನಕ ಇಳಿಯುತ್ತದೆ.

ಇನ್ನು ಕನ್ನಡದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದೇ. ಕೋಡ್ ಪಾಯಿಂಟುಗಳ ಮೇಲೆ ಹುಡುಕಿದರೆ ಎಲ್ಲವೂ ಮೇಲಿನಂತೆಯೇ. ಆದರೆ ಸಿ ಭಾಷೆಯಲ್ಲಿ ಅಥವಾ ಕಡತವನ್ನು ನೇರವಾಗಿ ಓದುವಾಗ ಕೈಗೆ ಸಿಗುವುದು ಯುಟಿಎಫ್-8 ಬೈಟುಗಳು. ಕನ್ನಡದ ಪ್ರತಿ ಕೋಡ್ ಪಾಯಿಂಟೂ ಮೂರು ಬೈಟು: ಮೊದಲನೆಯದು ಯಾವಾಗಲೂ `E0`, ಎರಡನೆಯದು `B2` ಅಥವಾ `B3`, ಮೂರನೆಯದರಲ್ಲಿ ಮಾತ್ರ ಅಕ್ಷರದ ಗುರುತು. ಬ ಎಂದರೆ `E0 B2 AC`, ಉಕಾರ ಎಂದರೆ `E0 B3 81`. ಅಂದರೆ ಪಠ್ಯದ ಮೂರರಲ್ಲಿ ಎರಡು ಪಾಲು ಬೈಟುಗಳು ಈ ಮೂರರಲ್ಲಿ ಯಾವುದಾದರೊಂದು. ಇವು ಎಲ್ಲ ಪ್ಯಾಟರ್ನುಗಳಲ್ಲೂ ತುಂಬಿಕೊಂಡಿರುವುದರಿಂದ ಜಿಗಿತ ಸತ್ತೇಹೋಗುತ್ತದೆ ಎಂದು ಮೊದಲು ನಾನೂ ಭಾವಿಸಿದ್ದೆ. ಎಣಿಸಿ ನೋಡಿದಾಗ ಹಾಗಾಗಲಿಲ್ಲ.

ಅದೇ ಸಾಲು ಬೈಟುಗಳಲ್ಲಿ 68 ಉದ್ದ, ಪ್ಯಾಟರ್ನ್ 24. ಮೊದಲ ಸಲ ಕೊನೆಯ ಬೈಟಿನ ಕೆಳಗೆ `B3` ಸಿಗುತ್ತದೆ, ಜಿಗಿತ 7. ನಂತರ ಅನುಸ್ವಾರದ `82`, ಅದು ಪ್ಯಾಟರ್ನಿನಲ್ಲಿ ಇಲ್ಲ, ಜಿಗಿತ 24. ಆಮೇಲೆ ಒಂದು `B2`, ಜಿಗಿತ ಕೇವಲ 1. ಅದರ ಬೆನ್ನಿಗೇ ನಕಾರದ `A8`, ಜಿಗಿತ 12. ಅಲ್ಲಿ ಪದ ಸಿಗುತ್ತದೆ. ಒಟ್ಟು 4 + 24 = 28 ಹೋಲಿಕೆ. ಇದರ ಗುಟ್ಟು ಹೀಗಿದೆ: ಪ್ಯಾಟರ್ನಿನ ಕೊನೆ ಪಠ್ಯದ ಒಂದು ಅಕ್ಷರದ ಮೂರನೆಯ ಬೈಟಿನ ಮೇಲೆ ಒಮ್ಮೆ ಕೂತರೆ, ಅಲ್ಲಿಂದ ಬರುವ ಜಿಗಿತಗಳು ಸಾಮಾನ್ಯವಾಗಿ 3ರ ಗುಣಕಗಳೇ ಆಗಿರುತ್ತವೆ. ಒಂದು ಬೈಟಿನ ಖಾಲಿ ಜಾಗ ಬಂದಾಗ ತಾಳ ತಪ್ಪುತ್ತದೆ, ಆಗ `E0` ಅಥವಾ `B2` ಕೊಡುವ ಪುಟ್ಟ ಜಿಗಿತವೇ ಅದನ್ನು ಸರಿದಾರಿಗೆ ತರುತ್ತದೆ. ಲ ಮಾತ್ರ ಒಂದು ವಿಶೇಷ: ಅದರ ಬೈಟುಗಳು `E0 B2 B2`, ಕೊನೆಯದೂ ನಡುವಿನದೂ ಒಂದೇ. ಪ್ಯಾಟರ್ನಿನ ಕೊನೆಯ ಕೆಳಗೆ ಲ ಬಂದಾಗಲೆಲ್ಲ ಜಿಗಿತ ಸಣ್ಣದಾಗುತ್ತದೆ.

ಬೈಟುಗಳ ಮೇಲೆ ನಿಜವಾದ ಪೆಟ್ಟು ಬೀಳುವುದು ಸಾದಾ ಹುಡುಕಾಟಕ್ಕೆ. ಮೊದಲ ಬೈಟಿನಲ್ಲೇ "ಅಲ್ಲ" ಎಂದು ಹೇಳಿ ಮುಂದೆ ಹೋಗುವುದೇ ಅದರ ಬಲ. ಇಲ್ಲಿ ಪ್ರತಿ ಅಕ್ಷರದ ಆರಂಭದಲ್ಲಿ `E0` ಹೊಂದುತ್ತದೆ, ಬಹುಪಾಲು `B2` ಕೂಡ ಹೊಂದುತ್ತದೆ, ಮೂರನೆಯದರಲ್ಲಿ ಮಾತ್ರ ತಾಳೆ ತಪ್ಪುತ್ತದೆ. ಅದೇ ಸಾಲಿನಲ್ಲಿ ಅದಕ್ಕೆ 95 ಹೋಲಿಕೆಗಳು ಬೇಕಾದವು. ಮೊದಲ ಬೈಟನ್ನು `memchr` ಮೂಲಕ ಹುಡುಕಿ ವೇಗ ಹೆಚ್ಚಿಸುವ ಉಪಾಯ ಇಂಗ್ಲಿಷಿನಲ್ಲಿ ಬಹಳ ಚೆನ್ನಾಗಿ ನಡೆಯುತ್ತದೆ, ಕನ್ನಡದಲ್ಲಿ ಅದು ಮೂರು ಬೈಟಿಗೊಮ್ಮೆ ನಿಂತುಬಿಡುತ್ತದೆ.

ಇದನ್ನು ಸಿ ಭಾಷೆಯಲ್ಲಿ ಬರೆಯುವುದಾದರೆ ಒಂದು ಎಚ್ಚರಿಕೆ. ಕೆಲಸದ ಆರಂಭದ ದಿನಗಳಲ್ಲಿ ನಾನು ಕೋಷ್ಟಕವನ್ನು `skip[text[i]]` ಎಂದು ನೇರವಾಗಿ ಓದಿದ್ದೆ. ಇಂಗ್ಲಿಷ್ ಕಡತಗಳಲ್ಲಿ ಎಲ್ಲ ಪರೀಕ್ಷೆಗಳೂ ಸರಿಯಾದವು. ಕನ್ನಡ ಕಡತ ಕೊಟ್ಟೊಡನೆ, ಎದುರಿಗೇ ಕಾಣುತ್ತಿದ್ದ ಪದ "ಇಲ್ಲ" ಎಂದು ಬರತೊಡಗಿತು. ನಮ್ಮ ಯಂತ್ರಗಳಲ್ಲಿ `char` ಋಣ ಬೆಲೆಯನ್ನೂ ಹಿಡಿಯುವ ಮಾದರಿಯದು, ಅಲ್ಲಿ `E0` ಎಂದರೆ −32. ಕೋಷ್ಟಕದ ಹಿಂದಿನ ಯಾವುದೋ ನೆನಪಿನ ಜಾಗದಿಂದ ಜಿಗಿತದ ಉದ್ದ ಬರುತ್ತಿತ್ತು. `(unsigned char)` ಎಂದು ಬದಲಿಸಿದ ಮೇಲೆ ಸರಿಹೋಯಿತು. ಇಂಥ ತಪ್ಪನ್ನು ಹಿಡಿಯುವ ಒಂದು ಸರಳ ದಾರಿ: ಅದೇ ಕಡತದ ಮೇಲೆ ಸಾದಾ ಹುಡುಕಾಟವನ್ನೂ ಓಡಿಸಿ, ಸಿಕ್ಕ ಸ್ಥಾನಗಳ ಪಟ್ಟಿ ಎರಡರಲ್ಲೂ ಒಂದೇ ಎಂದು ನೋಡುವುದು.

ಸಾದಾ ಹುಡುಕಾಟವೇ ಮೇಲು ಎನ್ನುವ ಸಂದರ್ಭಗಳೂ ಸ್ಪಷ್ಟವಾಗಿವೆ. ಪ್ಯಾಟರ್ನ್ ಎರಡು ಮೂರು ಅಕ್ಷರದ್ದಾದರೆ ಜಿಗಿತ ಎರಡು ಮೂರನ್ನು ಮೀರಲಾರದು, ಮತ್ತು ಚಿಕ್ಕ ಸಾಲಿನಲ್ಲಿ ಒಂದೇ ಸಲ ಹುಡುಕುವುದಾದರೆ 256 ಮನೆಗಳ ಕೋಷ್ಟಕ ತುಂಬುವ ಖರ್ಚೇ ಹುಡುಕಾಟಕ್ಕಿಂತ ದೊಡ್ಡದಾಗುತ್ತದೆ. ವರ್ಣಮಾಲೆ ಚಿಕ್ಕದಾದರೂ ಹೀಗೆಯೇ: ಡಿಎನ್ಎ ಸಾಲಿನಲ್ಲಿ ನಾಲ್ಕೇ ಅಕ್ಷರಗಳಿರುವುದರಿಂದ, ಅವು ಸಮಪ್ರಮಾಣದಲ್ಲಿ ಚದುರಿದ್ದರೆ, ಪ್ಯಾಟರ್ನ್ 100 ಅಕ್ಷರದ್ದಾದರೂ ಸರಾಸರಿ ಜಿಗಿತ 4ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಅತಿ ಕೆಟ್ಟದ್ದು ಒಂದೇ ಚಿಹ್ನೆ ಉದ್ದಕ್ಕೂ ಮರುಕಳಿಸುವ ಪಠ್ಯ. ಸೊನ್ನೆಗಳಿಂದ ತುಂಬಿದ ಡಿಸ್ಕ್ ಪ್ರತಿಯಲ್ಲಿ `1000` ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಹಿಂದಿನಿಂದ ಮೂರು ಸೊನ್ನೆಗಳು ಹೊಂದುತ್ತವೆ, ನಾಲ್ಕನೆಯ ಹೋಲಿಕೆ ತಪ್ಪುತ್ತದೆ, ಜಿಗಿತ 1. ಮತ್ತೆ ಅದೇ ನಾಲ್ಕು ಹೋಲಿಕೆ. ಎಡದಿಂದ ನೋಡುವ ಸಾದಾ ಹುಡುಕಾಟ ಪ್ರತಿ ಜಾಗದಲ್ಲೂ ಒಂದೇ ಹೋಲಿಕೆಯಲ್ಲಿ ಮುಂದೆ ಹೋಗಿರುತ್ತದೆ. ಪ್ಯಾಟರ್ನ್ 1ರ ಹಿಂದೆ 99 ಸೊನ್ನೆಗಳದ್ದಾದರೆ ಅಂತರ ನೂರು ಪಟ್ಟು. ನಿಮ್ಮ ಕಡತದಲ್ಲಿ ಮೇಲೆ ಹೇಳಿದ ಅನುಪಾತ 1ನ್ನು ಮೀರಿದ್ದು ಕಂಡರೆ ಇಂಥದ್ದೇ ಒಂದು ಪಟ್ಟೆ ಎಲ್ಲೋ ಇದೆ ಎಂದು ತಿಳಿಯಿರಿ. ಅಲ್ಲಿ ಬೋಯರ್ ಮತ್ತು ಮೂರ್ ಅವರ ಎರಡನೆಯ ನಿಯಮವನ್ನೂ, ಅಂದರೆ ಗುಡ್ ಸಫಿಕ್ಸ್ ನಿಯಮವನ್ನೂ ಸೇರಿಸಬಹುದು. ಈ `1000` ಪ್ರಸಂಗದಲ್ಲಿ ನೆರವಿಗೆ ಬರುವುದು ಅದೇ: ಹೊಂದಿದ ಮೂರು ಸೊನ್ನೆಗಳ ಗುಂಪು ಪ್ಯಾಟರ್ನಿನಲ್ಲಿ ಮತ್ತೆಲ್ಲೂ ಪೂರ್ತಿಯಾಗಿ ಇಲ್ಲ, ಎರಡು ಸೊನ್ನೆಗಳಿಂದಾಗಲಿ ಒಂದರಿಂದಾಗಲಿ ಪ್ಯಾಟರ್ನ್ ಆರಂಭವಾಗುವುದೂ ಇಲ್ಲ, ಹಾಗಾಗಿ ಅದು ಒಂದೇ ಸಲಕ್ಕೆ 4 ಸ್ಥಾನ ದಾಟಿಸುತ್ತದೆ.